ಕತೆ ಬರೆದಿದ್ದೇನೆ: ನಿವೃತ್ತ ಗುಮಾಸ್ತರ ಅಡುಗೆ ಚಾನೆಲ್. ಶೀರ್ಷಿಕೆಯ ಭಾಗ ನಂಬೋ ಹಾಗಿದೆಯಾ?

ಸಣ್ಣಕತೆ_ಸುಬ್ಬಿ

ಒಂದು ಸಣ್ಣ ಕತೆ ಬರೆದಿದ್ದೀನಿ. ಯೂಟ್ಯೂಬ್ ಒಳಗಿನ ವ್ಯವಹಾರ ಗೊತ್ತಿರೋರು ಓದಿ, ಎಲ್ಲಿ ಸುಳ್ಳು ಅನ್ಸತ್ತೆ ಹೇಳಿ. ಭಾಷೆ ಬಗ್ಗೆ ಆಮೇಲೆ ಬೈಯಿರಿ.

> ರಾಯರು ಅರವತ್ತಕ್ಕೆ ಬ್ಯಾಂಕಿನಿಂದ ನಿವೃತ್ತರಾಗಿ ಕುಂದಾಪುರದ ಮನೆ ಸೇರಿದವರು, ಮೂರನೇ ತಿಂಗಳಿಗೆ ಅಡುಗೆಮನೆ ಸೇರಿದರು. ಅಕ್ಕಿ ಡಬ್ಬಿಗೆ ಫೋನು ಒರಗಿಸಿ ಚಿತ್ರೀಕರಣ. ಹೆಸರಿಡುವುದರಲ್ಲಿ ಮಾತ್ರ ಕಚೇರಿಯ ಶಿಸ್ತು ಬಿಡಲಿಲ್ಲ: "ವಿಡಿಯೋ 14 - ನೀರ್ ದೋಸೆ - ದಿ. 12.03". ಮುಂದಿನದು "ವಿಡಿಯೋ 15 - ಹುರುಳಿ ಸಾರು - ದಿ. 15.03". ನೋಡಿದವರು ಮೂವತ್ತೊಂದು ಜನ. ಅದರಲ್ಲಿ ಅರ್ಧ ನೆಂಟರು, ಇನ್ನರ್ಧ ರಾಯರೇ.
>
> "ಹೀಗೆ ನಂಬರು ಹಾಕಿದರೆ ಯಾರು ನೋಡುವುದು?" ಎಂದರು ಹೆಂಡತಿ.
>
> "ನಂಬರು ಇಲ್ಲದಿದ್ದರೆ ಹುಡುಕುವುದು ಹೇಗೆ?" ಎಂದರು ರಾಯರು.
>
> ಒಂದು ಭಾನುವಾರ ಬೆಂಗಳೂರಿನಿಂದ ತಮ್ಮನ ಮಗಳ ಫೋನು. "ದೊಡ್ಡಪ್ಪ, ನೀರ್ ದೋಸೆ ಕಾವಲಿಗೆ ಅಂಟಿಕೊಳ್ತಾ ಇದೆ. ಆಗಲೇ ಮೂರು ಹರಿದುಹೋಯ್ತು."
>
> "ಅದಕ್ಕೇ ಒಂದು ವಿಡಿಯೋ ಇದೆಯಲ್ಲ ಮಗಾ, ಹದಿನಾಲ್ಕನೆಯದು."
>
> "ಯೂಟ್ಯೂಬಲ್ಲಿ ಹುಡುಕಿದೆ. ನಿಮ್ಮದು ಬರಲೇ ಇಲ್ಲ."
>
> "ಏನಂತ ಹುಡುಕಿದೆ?"
>
> ಅವಳು ಹೇಳಿದ್ದನ್ನು ರಾಯರು ಹಳೆಯ ಪೇ-ಇನ್ ಸ್ಲಿಪ್ಪಿನ ಬೆನ್ನಿಗೆ ಅಕ್ಷರ ಅಕ್ಷರವಾಗಿ ಬರೆದುಕೊಂಡರು: neer dose kavalige antutte. ಕೌಂಟರಿನ ಮೇಲೆ "ಬೇಡಿಕೆ ಹುಂಡಿ" ಎಂದು ಬೋರ್ಡು ತೂಗುತ್ತಿದ್ದಾಗಲೂ ಜನ ಬಂದು "ಡಿಡಿ ಎಲ್ಲಿ ಮಾಡ್ಸೋದು?" ಎಂದೇ ಕೇಳುತ್ತಿದ್ದದ್ದು ನೆನಪಾಯಿತು. ಆ ರಾತ್ರಿ ಹದಿನಾಲ್ಕನೆಯ ವಿಡಿಯೋದ ಹೆಸರು ಬದಲಾಯಿತು: "ನೀರ್ ದೋಸೆ ಕಾವಲಿಗೆ ಅಂಟುತ್ತಿದೆಯಾ? ಹೀಗೆ ಮಾಡಿ".
>
> ಬೆಳಿಗ್ಗೆ ಎದ್ದು ನೋಡಿದರೆ ಲಕ್ಷ ದಾಟಿತ್ತು.

ಹಂಚಿಕಡ್ಡಿ

ತುಂಬಾ ಚೆನ್ನಾಗಿದೆ ಸರ್. ನಿಮ್ಮ ಚಾನೆಲ್ ಲಿಂಕ್ ಹಾಕಿ, ನಮ್ಮ ಮನೇಲಿ ಎಲ್ಲರ ಫೋನಿಂದಲೂ ಸಬ್‌ಸ್ಕ್ರೈಬ್ ಮಾಡಿಸ್ತೀನಿ.

ಸಣ್ಣಕತೆ_ಸುಬ್ಬಿ

ಅಯ್ಯೋ, ಅದು ಕತೆ. ರಾಯರೂ ಇಲ್ಲ, ಚಾನೆಲ್ಲೂ ಇಲ್ಲ. ನಾನು ಸರ್ ಕೂಡ ಅಲ್ಲ.

ಟ್ಯಾಗ್_ತಿಮ್ಮ

ಕತೆ ಓಕೆ, ಆದ್ರೆ ಟೆಕ್ನಿಕಲ್ ಆಗಿ ತಪ್ಪು. ಬರೀ ಟೈಟಲ್ ಬದಲಾಯಿಸಿದ್ರೆ ಏನೂ ಆಗಲ್ಲ. ಟ್ಯಾಗ್ ಬಾಕ್ಸ್ ತುಂಬಾ ಟ್ಯಾಗ್ ತುಂಬಬೇಕು, ಕೆಳಗೆ ಮೂವತ್ತು ನಲವತ್ತು ಹ್ಯಾಶ್‌ಟ್ಯಾಗ್ ಹಾಕಬೇಕು. ಜೊತೆಗೆ ಜನ ಹುಡುಕೋದು ಇಂಗ್ಲಿಷ್ ಅಕ್ಷರದಲ್ಲಿ, ಅದನ್ನ ನಿಮ್ಮ ಕತೇಲೇ ಬರ್ದಿದೀರ. ಆಮೇಲೆ ರಾಯರು ಟೈಟಲ್ ಕನ್ನಡದಲ್ಲಿ ಇಟ್ರು ಅಂತೀರ. ಆ ಹುಡುಗಿಗೆ ಈಗಲೂ ಸಿಗಲ್ಲ.

ಸ್ಟುಡಿಯೋ_ಕಿಟ್ಟಿ

ತಿಮ್ಮ ಹೇಳಿದ್ದರಲ್ಲಿ ಕೊನೇ ಮಾತು ಗಟ್ಟಿ, ಮೊದಲಿನದು ಹಳೇ ಕಾಲದ್ದು. ಟ್ಯಾಗ್‌ಗೆ ಹುಡುಕಾಟದಲ್ಲಿ ತೀರಾ ಸಣ್ಣ ಪಾತ್ರ ಅಂತ ಯೂಟ್ಯೂಬೇ ತನ್ನ ಸಹಾಯ ಪುಟದಲ್ಲಿ ಬರ್ಕೊಂಡಿದೆ. ಜನ ಸಾಮಾನ್ಯವಾಗಿ ಕಾಗುಣಿತ ತಪ್ಪು ಹೊಡೆಯೋ ಹೆಸರಿದ್ದರೆ ಅಷ್ಟಕ್ಕೆ ಉಪಯೋಗ. ಹ್ಯಾಶ್‌ಟ್ಯಾಗ್ ಅಂತೂ 60 ದಾಟಿದ್ರೆ ಒಂದನ್ನೂ ಲೆಕ್ಕಕ್ಕೇ ತಗೊಳಲ್ಲ.

ಈಗ ಕತೆಗೆ ಬರೋಣ. ಸುಬ್ಬಿ, ಫೋನಿನ ದೃಶ್ಯ ಸರಿಯಾಗಿದೆ. ಅದರಲ್ಲೂ "ಏನಂತ ಹುಡುಕಿದೆ?" ಅನ್ನೋ ಪ್ರಶ್ನೆ. ಕೊನೇ ಸಾಲು ಮಾತ್ರ ಸಿನಿಮಾ. ಹುಡುಕಾಟದಿಂದ ಬರೋ ನೋಟ ರಾತ್ರೋರಾತ್ರಿ ಬರಲ್ಲ. ಒಂದು ದಿನದಲ್ಲಿ "ದೋಸೆ ಅಂಟುತ್ತೆ" ಅಂತ ಟೈಪ್ ಮಾಡೋರು ಎಷ್ಟು ಜನ ಇರ್ತಾರೆ ಹೇಳಿ? ಲಕ್ಷ ಜನ ಒಂದೇ ರಾತ್ರಿ ದೋಸೆ ಹರಿದುಕೊಂಡು ಕೂತಿದ್ರಾ?

ನಿಜವಾಗಿ ಆಗೋದು ಹೀಗೆ. ಹಳೇ ಶೀರ್ಷಿಕೆ ಇದ್ದಾಗ ರಾಯರಿಗೆ ಬಂದ ಮೂವತ್ತೊಂದು ನೋಟಾನೂ ಕುಟುಂಬದ ವಾಟ್ಸಾಪ್ ಗುಂಪಿಂದ. ಲೆಕ್ಕದ ಪುಟದಲ್ಲಿ ಅದು External ಅನ್ನೋ ಸಾಲಿನಲ್ಲಿ ಕೂರತ್ತೆ. YouTube search ಅನ್ನೋ ಸಾಲು ಖಾಲಿ. ಹೆಸರು ಬದಲಾಯಿಸಿದ ಮೇಲೆ ಎರಡು ಮೂರು ವಾರದಲ್ಲಿ ಆ ಖಾಲಿ ಸಾಲಿಗೆ ದಿನಕ್ಕೆ ನಾಲ್ಕು, ಆರು, ಒಂಬತ್ತು ಅಂತ ಬೀಳೋಕೆ ಶುರುವಾಗತ್ತೆ. ಆ ಸಾಲನ್ನ ಒತ್ತಿದ್ರೆ ಜನ ಯಾವ ಪದ ಹೊಡೆದು ಬಂದ್ರು ಅಂತಾನೂ ಕಾಣತ್ತೆ. ಗುಮಾಸ್ತನಾದವನಿಗೆ ಅದಕ್ಕಿಂತ ದೊಡ್ಡ ಹಬ್ಬ ಇಲ್ಲ. ಲಕ್ಷಕ್ಕಿಂತ ಆ ಪದಗಳ ಪಟ್ಟಿ ನೋಡಿ ರಾಯರು ಬೆಚ್ಚಿಬೀಳ್ಬೇಕು.

ಕೌಂಟರ್_ನಂ_3

ಬ್ಯಾಂಕಿನ ವಿಷಯಕ್ಕೆ ಮಾತ್ರ ನನ್ನ ಮಾತು. "ಬೇಡಿಕೆ ಹುಂಡಿ" ಬೋರ್ಡು ಚೆನ್ನಾಗಿದೆ. ಆದರೆ ಗುಮಾಸ್ತನ ಕೈ ಸಾಕಾಗಿಲ್ಲ ಕತೆಯಲ್ಲಿ. ಲೆಡ್ಜರ್ ಕಾಲದವರಾದರೆ ರಾಯರು ಶೀರ್ಷಿಕೆಯನ್ನು ಸುಮ್ಮನೆ ಬದಲಾಯಿಸಿ ಮಲಗುವವರಲ್ಲ. ಗೆರೆ ಹೊಡೆದ ಪುಸ್ತಕ ತೆಗೀತಾರೆ. ತಾರೀಕು, ಹಳೆಯ ಹೆಸರು, ಹೊಸ ಹೆಸರು, ಎದುರಿಗೆ ಅಂಕಿ. ದಿನದ ಲೆಕ್ಕ ತಾಳೆ ಆಗದಿದ್ದರೆ ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡೋ ಜನ ಅವರು. ಶೇಷ ಉಳಿಯದೆ ಭಾಗವಾದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿದೆ ಅಂತ ಗುಮಾನಿ. 54 ಬರೆಯೋ ಕಡೆ 45 ಬರೆದರೆ ವ್ಯತ್ಯಾಸ 9. ಅಂಥವರು "ಲಕ್ಷ ದಾಟಿತ್ತು" ಅಂತ ನೋಡಿ ಖುಷಿಪಡಲ್ಲ. ಎಲ್ಲಿಂದ ಬಂತು ಅಂತ ಕೇಳ್ತಾರೆ.

ಸ್ಟುಡಿಯೋ_ಕಿಟ್ಟಿ

@ಕೌಂಟರ್_ನಂ_3 ಆ ಪುಸ್ತಕವನ್ನ ಕತೆಯೊಳಗೆ ತಂದ್ರೆ ಅರ್ಧ ಕೆಲಸ ಮುಗೀತು. ಅದರಲ್ಲಿ ಏನು ಬರೀಬೇಕು ಅಂತ ನಾನು ಹೇಳ್ತೀನಿ. ಎರಡೇ ಅಂಕಿ ಸಾಕು. ವಿಡಿಯೋದ ಪುಟ್ಟ ಚಿತ್ರವನ್ನ ಯೂಟ್ಯೂಬ್ ಎಷ್ಟು ಸಲ ಜನರ ಕಣ್ಣಿಗೆ ಹಿಡೀತು ಅನ್ನೋದು ಒಂದು. ಹಿಡಿದಾಗ ನೂರಕ್ಕೆ ಎಷ್ಟು ಸಲ ಒತ್ತಿದ್ರು ಅನ್ನೋದು ಇನ್ನೊಂದು. ಮೊದಲನೆಯದು Impressions, ಎರಡನೆಯದು Impressions click-through rate. ವಾಟ್ಸಾಪ್ ಲಿಂಕ್ ಒತ್ತಿ ಬಂದವರು ಇವೆರಡಕ್ಕೂ ಸೇರಲ್ಲ, ಹಾಗಾಗಿ ನೆಂಟರು ಲೆಕ್ಕ ಕೆಡಿಸಲ್ಲ.

ಕತೆಗೆ ಒಂದು ಲೆಕ್ಕ ಕೊಡ್ತೀನಿ, ಆ ಮೂವತ್ತೊಂದರ ಬದಲು ಇದನ್ನ ಇಟ್ಕೊಳ್ಳಿ. ಹಳೇ ಹೆಸರಿನಲ್ಲಿ 14 ದಿನಕ್ಕೆ 4,200 ಸಲ ತೋರಿಸಿ ನೂರಕ್ಕೆ 1.9 ಒತ್ತಿದ್ರು, ಅಂದ್ರೆ ಸುಮಾರು 80 ಜನ. ಹೊಸ ಹೆಸರಿನಲ್ಲಿ ಮುಂದಿನ 14 ದಿನ 4,000 ಸಲ ತೋರಿಸಿ 4.5 ಒತ್ತಿದ್ರು, 180 ಜನ. ತೋರಿಸಿದ್ದು ಕಮ್ಮಿಯಾದ್ರೂ ಬಂದವರು ಎರಡರಷ್ಟಕ್ಕಿಂತ ಜಾಸ್ತಿ. ಶೀರ್ಷಿಕೆ ಕೆಲಸ ಮಾಡಿದೆ ಅನ್ನೋಕೆ ಇದು ಸಾಕ್ಷಿ.

ಇಲ್ಲೊಂದು ಗುಂಡಿ ಇದೆ, ರಾಯರನ್ನ ಅದರಲ್ಲಿ ಬೀಳಿಸಿ, ಕತೆ ರಂಗೇರತ್ತೆ. ಜನ ಒತ್ತಿ, ಕೂತು ನೋಡಿದ್ರೆ ಯೂಟ್ಯೂಬ್ ಅದೇ ವಿಡಿಯೋನ ಇನ್ನೂ ಹೊರಗಿನವರಿಗೆ ತೋರಿಸೋಕೆ ಶುರು ಮಾಡತ್ತೆ, ನೀರ್ ದೋಸೆ ಯೋಚನೇನೇ ಇಲ್ಲದೆ ಸುಮ್ಮನೆ ಫೋನ್ ತಿರುವುತ್ತಾ ಇರೋರಿಗೂ. ಅವರು ಕಮ್ಮಿ ಒತ್ತುತ್ತಾರೆ. ಎರಡು ತಿಂಗಳಾದ ಮೇಲೆ 14 ದಿನಕ್ಕೆ 38,000 ಸಲ ತೋರಿಸಿ 2.6 ಅಂತಿಟ್ಕೊಳ್ಳಿ. ಶೇಕಡಾವಾರು 4.5ರಿಂದ 2.6ಕ್ಕೆ ಬಿತ್ತು ಅಂತ ರಾಯರು ಹೆದರಿ ಹಳೇ ಹೆಸರಿಗೆ ವಾಪಸ್ ಹೋಗ್ತಾರೆ. ನಿಜಕ್ಕೆ ಬಂದವರು 988. ಇದು ಬಹಳ ಜನ ಮಾಡೋ ತಪ್ಪು. ಎರಡು ಅಂಕೀನೂ ಒಟ್ಟಿಗೆ ಓದಬೇಕು.

ಟ್ಯಾಗ್_ತಿಮ್ಮ

ಎಲ್ರೂ 10% ಬರಬೇಕು ಅಂತಾರಲ್ಲ?

ಸ್ಟುಡಿಯೋ_ಕಿಟ್ಟಿ

ಯಾರಂತೆ ಎಲ್ರೂ? ಅರ್ಧದಷ್ಟು ಚಾನೆಲ್ಲುಗಳದ್ದು 2ರಿಂದ 10ರ ನಡುವೆ ಇರತ್ತೆ ಅಂತಷ್ಟೇ ಯೂಟ್ಯೂಬ್ ಹೇಳೋದು. ಅದು ಪಾಸ್ ಮಾರ್ಕು ಅಲ್ಲ.

ಕರಿಬೇವು_ಕಮಲಕ್ಕ

ನೀವೆಲ್ಲ ಅಂಕಿ ಹಿಡ್ಕೊಂಡು ಕೂತಿದ್ದೀರಿ. ಆ ವಿಡಿಯೋ ಒಳಗೆ ಏನಿದೆ ಅಂತ ಸುಬ್ಬಿ ಬರೆದೇ ಇಲ್ಲ! "ಅಂಟುತ್ತಿದೆಯಾ? ಹೀಗೆ ಮಾಡಿ" ಅಂತ ಹೆಸರಿಟ್ಟ ಮೇಲೆ ಅಂಟೋದಕ್ಕೆ ಉತ್ತರ ಇರಬೇಕು. ರಾಯರು ನಾನ್‌ಸ್ಟಿಕ್ ತವಾದಲ್ಲಿ ಹೊಯ್ದಿದ್ದರೆ ಅದು ಮೋಸ. ಅದರಲ್ಲಿ ಯಾರು ಹೊಯ್ದರೂ ಅಂಟಲ್ಲ.

ಬೀಡಿನ ಕಾವಲಿ ಅಂತ ಇಟ್ಟುಕೊಂಡರೆ ಅಂಟೋಕೆ ಮುಖ್ಯವಾಗಿ ಎರಡು ಕಾರಣ. ಒಂದು, ಕಾವಲಿ ಕಾದಿರಲ್ಲ. ನೀರು ಚಿಮುಕಿಸಿದರೆ ಚುಂಯ್ ಅಂತ ಕೂತು ಆರಿದರೆ ಇನ್ನೂ ಕಾಯಬೇಕು, ಹನಿ ಗೋಲಿಯಾಗಿ ಓಡಿದರೆ ಆಯ್ತು. ಎರಡು, ಹಿಟ್ಟು ದಪ್ಪ. ಎರಡು ಲೋಟ ಅಕ್ಕಿ ನಾಲ್ಕೈದು ಗಂಟೆ ನೆನೆಸಿ, ಅರ್ಧ ಲೋಟ ಕಾಯಿತುರಿ ಹಾಕಿ ಕೈಗೆ ತರಿ ಸಿಗದ ಹಾಗೆ ರುಬ್ಬಿ, ರುಬ್ಬೋವಾಗ ಹಾಕಿದ್ದೂ ಸೇರಿ ಹತ್ತಿರ ಹತ್ತಿರ ಐದು ಲೋಟ ನೀರು ಹಿಡಿಯತ್ತೆ. ಸೌಟಲ್ಲಿ ಎತ್ತಿ ಬಿಟ್ಟರೆ ಹಾಲಿನ ಹಾಗೆ ಸುರೀಬೇಕು. ಹುಳಿ ಬರಿಸೋ ಹಾಗಿಲ್ಲ. ಅಂಚಿನಿಂದ ಒಳಕ್ಕೆ ಹೊಯ್ದು ಮುಚ್ಚಬೇಕು, ಸೌಟಲ್ಲಿ ತೀಡಲೇಬಾರದು, ಮಗುಚೋದೂ ಇಲ್ಲ.

ಮತ್ತೆ ಎಲ್ಲರೂ ಮರೆಯೋದು: ಅಕ್ಕಿ ತಳಕ್ಕೆ ಇಳೀತಿರತ್ತೆ, ಪ್ರತಿ ದೋಸೆಗೂ ಹಿಟ್ಟು ಕಲಕಬೇಕು. ಮೊದಲ ನಾಲ್ಕು ದೋಸೆ ಚೆನ್ನಾಗಿ ಬಂದು ಆಮೇಲೆ ಅಂಟೋಕೆ ಶುರುವಾದರೆ ಇದೇ ಕಾರಣ, ಪಾತ್ರೆ ತಳದಲ್ಲಿ ಉಳಿದದ್ದು ದಪ್ಪ ಹಿಟ್ಟು. ಆ ಹುಡುಗಿ "ಆಗಲೇ ಮೂರು ಹರಿದುಹೋಯ್ತು" ಅಂದಳಲ್ಲ, ಅಂದರೆ ಮೊದಲನೇದರಿಂದಲೇ. ಅವಳದು ಕಾವಲಿ ಕಾಯದ ಕೇಸು, ಇಲ್ಲಾ ಹಿಟ್ಟೇ ದಪ್ಪ. ದೊಡ್ಡಪ್ಪ ಫೋನಿನಲ್ಲೇ ಹೇಳಬಹುದಿತ್ತು, ಅಷ್ಟು ಹೊತ್ತಿಗೆ ಅವಳ ಹಿಟ್ಟು ಮುಗಿದಿರತ್ತೆ ಪಾಪ.

ಸ್ಟುಡಿಯೋ_ಕಿಟ್ಟಿ

ಕಮಲಕ್ಕ ಹೇಳಿದ್ದೇ ಆಟದ ಇನ್ನರ್ಧ. ಶೀರ್ಷಿಕೆ ನೋಡಿ ಒಳಗೆ ಬಂದವನಿಗೆ ಮೊದಲ ಅರ್ಧ ನಿಮಿಷದಲ್ಲಿ ಅಂಟಿದ ದೋಸೆ ಕಾಣಿಸದೆ "ನಮಸ್ಕಾರ ವೀಕ್ಷಕರೇ, ನಮ್ಮ ಚಾನೆಲ್‌ಗೆ ಸ್ವಾಗತ, ಮೊದಲು ಅಕ್ಕಿ ತೊಳೆಯೋಣ" ಅಂದ್ರೆ ಎದ್ದು ಹೋಗ್ತಾನೆ. ಅವನ ಹಿಟ್ಟು ಈಗಾಗಲೇ ರುಬ್ಬಿ ಆಗಿದೆಯಲ್ಲ! ರಾಯರ ಹದಿನಾಲ್ಕನೇ ವಿಡಿಯೋ ಖಂಡಿತ ಅಕ್ಕಿ ತೊಳೆಯೋದರಿಂದಲೇ ಶುರುವಾಗಿರತ್ತೆ. ಹೊಸದಾಗಿ ಚಿತ್ರೀಕರಿಸೋಕೆ ಆಗದಿದ್ರೆ ವಿವರಣೆಯಲ್ಲಿ ಸಮಯ ಬರೆದು ಅಧ್ಯಾಯ ಮಾಡಬಹುದು. ಮೊದಲನೇದು 0:00 ಇರಲೇಬೇಕು, ಕನಿಷ್ಠ ಮೂರು ಇರಬೇಕು, ಒಂದೊಂದೂ ಹತ್ತು ಸೆಕೆಂಡಿಗೆ ಕಮ್ಮಿ ಇರಬಾರದು:

```
0:00 ಅಕ್ಕಿ, ಕಾಯಿ, ನೀರಿನ ಅಳತೆ
2:40 ಕಾವಲಿ ಕಾದಿದೆಯಾ ನೋಡುವುದು
4:15 ಅಂಟಿದರೆ ಏನು ಮಾಡಬೇಕು
```

ಅಂಟಿಸಿಕೊಂಡು ಬಂದವನು ನೇರ 4:15ಕ್ಕೆ ಹಾರ್ತಾನೆ.

ಮಸಾಲೆ_ಮಂಜು

ನಮ್ಮತ್ತೆದೊಂದು ಚಾನೆಲ್ ಇದೆ, "ಸಾರಿನ ಪುಡಿ" ಅಂತ ಹೆಸರಿಟ್ಟರೂ ಓಡ್ತಿಲ್ಲ. ನಂಬರ್ ಏನೂ ಹಾಕಿಲ್ಲ. ಯಾಕೆ?

ಸ್ಟುಡಿಯೋ_ಕಿಟ್ಟಿ

"ಸಾರಿನ ಪುಡಿ" ಅಂತ ಹುಡುಕಿದ್ರೆ ನಿಮಗಿಂತ ಮೊದಲು ದೊಡ್ಡ ದೊಡ್ಡ ಚಾನೆಲ್ಲುಗಳು ನಿಂತಿರ್ತವೆ. ಅತ್ತೆಯವರ ಪುಡಿಯಲ್ಲಿ ಬೇರೆ ಏನಿದೆಯೋ ಅದು ಹೆಸರಿನಲ್ಲಿ ಬರಬೇಕು. ಕೊಬ್ಬರಿ ಹಾಕಲ್ವಾ? ಆರು ತಿಂಗಳು ಕೆಡಲ್ವಾ? ಬ್ಯಾಡಗಿ, ಗುಂಟೂರು ಎಷ್ಟೆಷ್ಟು ಅಂತ ಹೇಳ್ತಾರಾ? ಯೂಟ್ಯೂಬ್ ಹುಡುಕೋ ಡಬ್ಬಿಯಲ್ಲಿ "ಸಾರಿನ ಪುಡಿ" ಅಂತ ಹೊಡೆದು ಒಂದು ಜಾಗ ಬಿಟ್ಟು ಸುಮ್ಮನಿರಿ, ಕೆಳಗೆ ಸಾಲು ಸಾಲು ಬರತ್ತೆ. ಅದು ಜನ ಹುಡುಕೋ ಮಾತು. ಅತ್ತೆ ವಿಡಿಯೋದಲ್ಲಿ ಉತ್ತರ ಇರೋದನ್ನ ಮಾತ್ರ ಆರಿಸ್ಕೊಳ್ಳಿ.

ಮಸಾಲೆ_ಮಂಜು

ಕೊಬ್ಬರಿ ಹಾಕ್ತಾರೆ. ಯಾಕೆ ಹಾಕಬಾರದು?

ಕರಿಬೇವು_ಕಮಲಕ್ಕ

ಹಾಕಿದರೆ ಬೇಗ ಮುಗ್ಗಲು ವಾಸನೆ ಬರತ್ತೆ. ಪುಡಿಯಲ್ಲಿ ಬೇಡ, ಸಾರು ಮಾಡೋವಾಗ ಹಾಕಿ. ಇದಕ್ಕೆ ಬೇರೆ ಚರ್ಚೆ ಶುರು ಮಾಡಪ್ಪ.

ಧಾರವಾಡದಾಂವ

ಕಾವಲಿ ಅಂದ್ರ ನಮ್ಮ ಕಡೆ ಭಾಳ ಮಂದಿಗೆ ಕಾಲುವಿ ನೆನಪಾಗ್ತದ. ನಮಗ ಅದು ಹಂಚು, ಇಲ್ಲಾ ತವಾ. ಹೆಸರಿನ್ಯಾಗ ಕಾವಲಿ ಇಟ್ರ ರಾಯರ ವಿಡಿಯೋ ಘಟ್ಟ ದಾಟಂಗಿಲ್ಲ ನೋಡ್ರಿ.

ಟ್ಯಾಗ್_ತಿಮ್ಮ

ಅದಕ್ಕೇ ಹೇಳಿದ್ದು, ಇಂಗ್ಲಿಷ್ ಹಾಕಿ. Neer Dosa Recipe in Kannada. ಘಟ್ಟಾನೂ ದಾಟತ್ತೆ, ಸಮುದ್ರಾನೂ ದಾಟತ್ತೆ.

ಸ್ಟುಡಿಯೋ_ಕಿಟ್ಟಿ

ಎರಡೂ ಹಾಕಬಹುದಲ್ಲ. ಶೀರ್ಷಿಕೆಗೆ 100 ಅಕ್ಷರ ಮಿತಿ ಇದೆ. ಆದ್ರೆ ಕನ್ನಡಕ್ಕೆ ಅದು ನೂರು ಅಲ್ಲ. "ನೀರ್ ದೋಸೆ" ಕಣ್ಣಿಗೆ ನಾಲ್ಕು ಅಕ್ಷರ, ಯಂತ್ರಕ್ಕೆ ಒಂಬತ್ತು: ನ, ದೀರ್ಘ, ರ, ಅರ್ಧ ಮಾಡೋ ಚಿಹ್ನೆ, ಖಾಲಿ ಜಾಗ, ದ, ಓತ್ವ, ಸ, ಎತ್ವ. ಒತ್ತಕ್ಷರ ಜಾಸ್ತಿಯಾದಷ್ಟೂ ಬೇಗ ಮುಗಿಯತ್ತೆ. ಅದಕ್ಕಿಂತ ಮುಖ್ಯ, ಮೊಬೈಲ್ ಪಟ್ಟಿಯಲ್ಲಿ ಎರಡು ಸಾಲಿಗೆ ಚುಕ್ಕಿ ಬೀಳತ್ತೆ, ಮುಖ್ಯ ಮಾತು ಮೊದಲೇ ಬರಬೇಕು. ನಾನಾದ್ರೆ ಹೀಗೆ ಇಡ್ತಿದ್ದೆ:

```
ನೀರ್ ದೋಸೆ ತವಾಗೆ ಅಂಟುತ್ತಾ? ಕಾರಣ ಇದು | Neer Dosa
```

ಇನ್ನೊಂದು ಚೇಷ್ಟೆ ಇದೆ. ಜಾಗ ಬಿಡದೆ ಸೇರಿಸಿ ಬರೆದ್ರೆ ಅದು "ನೀರ್ದೋಸೆ" ಆಗಿ ಅರ್ಕಾವೊತ್ತು ಬಂದುಬಿಡತ್ತೆ. ಹಾಗೆ ಯಾರೂ ಹುಡುಕಲ್ಲ. ಬಿಡಿಸಿಯೇ ಬರೀಬೇಕು.

ಸಣ್ಣಕತೆ_ಸುಬ್ಬಿ

ಆದ್ರೆ ರಾಯರು ಕುಂದಾಪುರದವರು. ಅವರ ಬಾಯಲ್ಲಿ ತವಾ ಬರಲ್ಲ. ಅಂಕಿಗೋಸ್ಕರ ಪಾತ್ರದ ಮಾತು ಬದಲಾಯಿಸ್ಲಾ?

ಕೌಂಟರ್_ನಂ_3

ಬದಲಾಯಿಸಬೇಡಿ. ವಿಡಿಯೋ ಒಳಗೆ ಕಾವಲಿ ಅನ್ನಲಿ, ಬೋರ್ಡಿನಲ್ಲಿ ತವಾ ಇರಲಿ. ಕೌಂಟರಿನಲ್ಲೂ ಹಾಗೇ ಅಲ್ಲವೇ, ಅವರು ಡಿಡಿ ಅಂದರು, ಇವರು ರಿಜಿಸ್ಟರಿನಲ್ಲಿ ಬೇರೆ ಹೆಸರಿನಲ್ಲಿ ಬರೆದುಕೊಂಡರು.

ಧಾರವಾಡದಾಂವ

ರಾಯರು ಕಾವಲಿನೇ ಇಡ್ಲಿ, ಹಠ ಮಾಡ್ಲಿ. ಆವಾಗ ಕತಿ ಆಗ್ತದ. ಎಲ್ಲಾ ಕಿಟ್ಟಿ ಹೇಳಿದಂಗ ಮಾಡಿದ್ರ ಅದು ಟ್ರೇನಿಂಗು.

ಸ್ಟುಡಿಯೋ_ಕಿಟ್ಟಿ

ಒಪ್ಪಿದೆ 😄 ಒಂದು ಮಾತ್ರ: ಹೆಸರೂ ಪುಟ್ಟ ಚಿತ್ರವೂ ಒಂದೇ ದಿನ ಬದಲಾಯಿಸಬೇಡಿ. ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ, ರಾಯರ ಪುಸ್ತಕ ತಾಳೆಯಾಗಲ್ಲ. ಹೆಸರು ಬದಲಾಯಿಸಿದ್ರೆ ಲಿಂಕೂ ಹಳೇ ನೋಟಗಳೂ ಹಾಗೇ ಇರ್ತವೆ, ಅದಕ್ಕೆ ಹೆದರೋದು ಬೇಡ.

ಸಣ್ಣಕತೆ_ಸುಬ್ಬಿ

ಕೊನೆಯನ್ನ ತಿದ್ದಿದೆ. ನೋಡಿ:

> ಹದಿನೈದನೆಯ ದಿನ ರಾಯರು ಪುಸ್ತಕ ತೆರೆದರು. ಬಂದವರು 180. ಹುಡುಕಾಟದ ಸಾಲನ್ನು ಒತ್ತಿದರು. ಮೊದಲನೆಯದು neer dose. ಎರಡನೆಯದು neer dosa sticking. ಮೂರನೆಯದನ್ನು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು: ನೀರು ದೋಸೆ ತವಾ ಅಂಟು.
>
> "ತವಾ ಅಂತೆ" ಎಂದು ಮುಖ ಸಿಂಡರಿಸಿ, ಅದನ್ನೂ ಪುಸ್ತಕದಲ್ಲಿ ಬರೆದುಕೊಂಡರು. ನಂತರ ಹದಿನೈದನೆಯ ವಿಡಿಯೋ ತೆರೆದು, ಹುರುಳಿ ಸಾರಿನ ಬಗ್ಗೆ ಜನ ಏನು ಕೇಳಬಹುದು ಎಂದು ಹೆಂಡತಿಯನ್ನು ಕರೆದರು.

ಕರಿಬೇವು_ಕಮಲಕ್ಕ

ಇದು ಸರಿ. ಹುರುಳಿ ಸಾರಿಗೆ ಜನ ಕೇಳೋದು "ಹುರುಳಿ ಎಷ್ಟು ವಿಸಿಲ್" ಅಂತ. ನೆನೆಸಿದ್ದರೆ ನಾಲ್ಕೈದು, ನೆನೆಸದಿದ್ದರೆ ಇನ್ನೂ ಜಾಸ್ತಿ. ಹೆಂಡತಿ ಬಾಯಲ್ಲಿ ಹಾಕಿ.

ಕೋಡಿ_ಕಡಲು

ಎಲ್ಲ ಸರಿ ಮಾರಾಯ್ರೆ. ಕುಂದಾಪುರದ ಹೆಂಗಸು "ಯಾರು ನೋಡುವುದು" ಅಂತ ಹೇಳುದಿಲ್ಲ. "ಯಾರ್ ಕಾಂಬುದು" ಅಂತ ಬರೀರಿ.

ಹಂಚಿಕಡ್ಡಿ

ಹಾಗಾದ್ರೆ ಲಿಂಕ್ ಇಲ್ವಾ?